ವೆನಿಲ್ಲಾ, ಠೇವಣಿ, ನರ್ಸರಿ: ಒಂದು ಅತಿಥಿ ಪರಿಚಯದಲ್ಲಿ ಏನು ಬಿಟ್ಟೆವು, ಏನು ಉಳಿಸಿದೆವು

ಸಾಗರ ತಾಲ್ಲೂಕಿನ ಒಂದು ಸಹಕಾರ ಸಂಘ, ಮಳೆ ಹಿಂದಾಗಿ ಕೊನೆ ಕೊಯ್ಲು ಇನ್ನೂ ಶುರುವಾಗದ ದಿನಗಳಲ್ಲಿ, ಅಡಿಕೆ ಬೆಳೆಗಾರರಿಗಾಗಿ ಒಂದು ದಿನದ ಕಾರ್ಯಾಗಾರ ಇಟ್ಟುಕೊಂಡಿತ್ತು. ವಿಷಯ, ತೋಟದಲ್ಲಿ ಉಪಬೆಳೆ. ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆಯೊಂದನ್ನೇ ನಂಬಿ ಕೂರುವ ಧೈರ್ಯ ಮಲೆನಾಡಿನ ಬಹಳ ಮನೆಗಳಲ್ಲಿ ಉಳಿದಿಲ್ಲ. ಕಾಳುಮೆಣಸು, ಜಾಯಿಕಾಯಿ, ಕಾಫಿ, ಬೆಣ್ಣೆಹಣ್ಣು ಎಂದು ಎಲ್ಲರೂ ಏನಾದರೊಂದನ್ನು ಹುಡುಕುತ್ತಿದ್ದಾರೆ. ಆ ದಿನದ ಮುಖ್ಯ ಉಪನ್ಯಾಸಕ್ಕೆ ಸಂಘದವರು ಕರೆದದ್ದು ಹೊಸನಗರದ ಕಡೆಯ ಒಬ್ಬ ಹಿರಿಯ ಕೃಷಿಕರನ್ನು. ನಾಲ್ಕು ದಶಕದ ತೋಟದ ಅನುಭವ, ಮೆಣಸಿನಲ್ಲಿ ಒಳ್ಳೆಯ ಹೆಸರು, ಮಾತೂ ಸೊಗಸು. ಅವರನ್ನು ಸಭೆಗೆ ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂತು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವನಾದ್ದರಿಂದ ಸುತ್ತಮುತ್ತಲ ಸಭೆಗಳಲ್ಲಿ ಈ ಕೆಲಸ ನನಗೆ ರೂಢಿ.

ಕಾರ್ಯದರ್ಶಿಯವರು ಅತಿಥಿಯ ಸ್ವವಿವರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಹಿಂದೆಯೇ ಫೋನ್ ಮಾಡಿದರು. "ಮೇಷ್ಟ್ರೇ, ಆ ವೆನಿಲ್ಲಾ ಕಥೆ ಒಂದು ಬೇಡ ಮಾರಾಯ್ರೇ. ಹಳೇದು ಕೆದಕಿದ ಹಾಗೆ ಆಗ್ತದೆ" ಎಂದರು. ವಿವರದಲ್ಲಿ ವೆನಿಲ್ಲಾದ ಹೆಸರೇ ಇರಲಿಲ್ಲ. 1986ರಿಂದ ಕೃಷಿ ಎಂದಿತ್ತು, ಮೆಣಸಿನ ಇಳುವರಿಗೆ ಸಿಕ್ಕ ಸನ್ಮಾನ ಇತ್ತು, ಆಮೇಲೆ ನೇರ 2012ಕ್ಕೆ ಜಿಗಿದಿತ್ತು. ಕೊನೆಯಲ್ಲಿ "ಯಶಸ್ವಿ ಕೃಷಿ ಉದ್ಯಮಿ" ಎಂದು ಬರೆದಿತ್ತು, ಆಮಂತ್ರಣ ಪತ್ರಿಕೆಯಲ್ಲೂ ಅದೇ ಅಚ್ಚಾಗಿತ್ತು.

ನಡುವೆ ಬಿಟ್ಟುಹೋದ ವರ್ಷಗಳಲ್ಲಿ ಏನಾಗಿತ್ತು ಎನ್ನುವುದು ಸಭೆಗೆ ಬರುವ ಐವತ್ತು ದಾಟಿದವರಿಗೆಲ್ಲ ಗೊತ್ತು. 2000ದ ಏಪ್ರಿಲ್‌ನಲ್ಲಿ ಹುಡಾ ಚಂಡಮಾರುತ ಮಡಗಾಸ್ಕರ್‌ನ ವೆನಿಲ್ಲಾ ಸೀಮೆಯನ್ನು ಕೆಡವಿತು. ಜಗತ್ತಿನ ಬಹುಪಾಲು ವೆನಿಲ್ಲಾ ಬರುತ್ತಿದ್ದದ್ದೇ ಅಲ್ಲಿಂದ. ಎರಡು ವರ್ಷದ ಮೇಲೆ ಅಲ್ಲಿನ ರಾಜಕೀಯ ಗಲಭೆಯೂ ಸೇರಿಕೊಂಡಿತು. 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಕೂತ ಕಾಲ ಅದು. ಬಳ್ಳಿಯ ತುಂಡನ್ನು ಮೀಟರ್ ಲೆಕ್ಕದಲ್ಲಿ ಕೊಂಡರು, ಬೆಳಗಾಗೆದ್ದು ಮನೆಮಂದಿಯೆಲ್ಲ ಕಡ್ಡಿ ಹಿಡಿದು ಹೂವಿಗೆ ಪರಾಗಸ್ಪರ್ಶ ಮಾಡಿದರು. ಬೇರೆ ಬೇರೆ ದೇಶಗಳಲ್ಲಿ ನೆಟ್ಟ ಬಳ್ಳಿಗಳೆಲ್ಲ ಒಟ್ಟಿಗೇ ಫಸಲಿಗೆ ಬಂದವು, ಐಸ್‌ಕ್ರೀಮ್ ಕಂಪನಿಗಳು ಕೃತಕ ವೆನಿಲಿನ್ ಕಡೆ ತಿರುಗಿದವು. ಎರಡು ಮೂರು ವರ್ಷದಲ್ಲಿ ಹಸಿ ಕೋಡಿನ ಬೆಲೆ ನೂರರ ಕೆಳಗೆ ಬಂತು.

ನಮ್ಮ ಅತಿಥಿ ಬರೀ ಬೆಳೆದವರಾಗಿದ್ದರೆ ಪ್ರಶ್ನೆಯೇ ಇರುತ್ತಿರಲಿಲ್ಲ. ಅವರು 2003ರಲ್ಲಿ ಸಂಸ್ಕರಣಾ ಘಟಕ ತೆರೆದರು. ಬಂಡವಾಳಕ್ಕೆ ಸುತ್ತಲಿನ ಮೂವತ್ತು ಚಿಲ್ಲರೆ ಮನೆಗಳಿಂದ ಠೇವಣಿ ಪಡೆದರು. ವೆನಿಲ್ಲಾ ಸಂಸ್ಕರಣೆಯಲ್ಲಿ ಅಪಾಯ ಇರುವುದು ಕಾಲಾವಧಿಯಲ್ಲಿ. ಹಸಿ ಕೋಡನ್ನು ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲಿಗೆ ಹಾಕಿ, ಆಮೇಲೆ ಪೆಟ್ಟಿಗೆಯಲ್ಲಿಟ್ಟು ಹದ ಮಾಡಬೇಕು. ಎಲ್ಲ ಮುಗಿಯಲು ತಿಂಗಳುಗಳೇ ಬೇಕು. ಸುಮಾರು ಆರು ಕಿಲೋ ಹಸಿ ಕೋಡಿಗೆ ಒಂದು ಕಿಲೋ ಒಣ ಕೋಡು. ಏರಿದ ಬೆಲೆಗೆ ನಗದು ಕೊಟ್ಟು ಕೊಂಡ ಮಾಲು ಸಿದ್ಧವಾಗುವಷ್ಟರಲ್ಲಿ ಪೇಟೆ ಬಿದ್ದಿತ್ತು. 2006ರಲ್ಲಿ ಘಟಕ ಮುಚ್ಚಿತು. ಮರುವರ್ಷ ಠೇವಣಿದಾರರೊಬ್ಬರು ವಂಚನೆ ಎಂದು ಪೊಲೀಸರಿಗೆ ದೂರು ಕೊಟ್ಟರು. ತನಿಖೆ ನಡೆದು, ಕೇಸು ಮುಂದುವರಿಸಲು ಆಧಾರವಿಲ್ಲ ಎಂಬ ಬಿ ರಿಪೋರ್ಟ್ ಸಲ್ಲಿಕೆಯಾಯಿತು. ಅತಿಥಿ ತೋಟದ ಒಂದು ಭಾಗ ಮಾರಿ 2011ರ ಒಳಗೆ ಅಸಲು ವಾಪಸು ಕೊಟ್ಟರು.

ಮುಂದೆ ನಾನು ಮಾಡಿದ ಎಲ್ಲ ಆಯ್ಕೆಯೂ ಒಂದು ಪ್ರಶ್ನೆಯ ಮೇಲೆ ನಿಂತದ್ದು. ಆ ದಿನ ಸಭೆಯಲ್ಲಿ ಕೂತವನು ಇವರ ಮಾತು ಕೇಳಿ ಮನೆಗೆ ಹೋಗಿ ಏನು ಮಾಡುತ್ತಾನೆ? ಗಿಡ ಕೊಳ್ಳುತ್ತಾನೆ, ಗುಂಡಿ ತೆಗೆಸುತ್ತಾನೆ, ಸಂಘದಿಂದ ಸಾಲ ಎತ್ತುತ್ತಾನೆ. ಆ ತೀರ್ಮಾನವನ್ನು ತೂಗಲು ಅವನಿಗೆ ಬೇಕಾದದ್ದು ಪರಿಚಯದಲ್ಲಿ ಇರಬೇಕು, ಬೇಡವಾದದ್ದು ಎಷ್ಟೇ ಕುತೂಹಲದ್ದಾದರೂ ಇರಬಾರದು. ಅತಿಥಿಗೆ ಮುಜುಗರವಾಗುತ್ತದೋ ಇಲ್ಲವೋ ಎನ್ನುವುದು ಎರಡನೆಯ ಮಾತು. ಹೇಗೆ ಹೇಳಬೇಕು ಎನ್ನುವುದನ್ನು ಅದು ಬದಲಿಸುತ್ತದೆ. ಹೇಳಬೇಕೋ ಬೇಡವೋ ಎನ್ನುವುದನ್ನು ಹೆಚ್ಚಾಗಿ ಬದಲಿಸುವುದಿಲ್ಲ.

ಹೀಗೆ ನೋಡಿದರೆ ವೆನಿಲ್ಲಾ ಘಟಕ ಬಿಡುವಂಥದ್ದೇ ಅಲ್ಲ. ಉಪನ್ಯಾಸದ ವಿಷಯವೇ ಹೊಸ ಬೆಳೆ. ಹೊಸ ಬೆಳೆಯ ಪೇಟೆ ಬಿದ್ದಾಗ ಏನಾಗುತ್ತದೆ ಎನ್ನುವುದನ್ನು ಹೊಲಗದ್ದೆ ಕಳೆದುಕೊಂಡು ಕಲಿತವರು ಮಾತಾಡುತ್ತಿದ್ದಾರೆ. ಅದನ್ನು ಬಿಟ್ಟರೆ ಅವರ ಅನುಭವದ ಅತಿ ಉಪಯುಕ್ತ ಭಾಗವನ್ನೇ ಬಿಟ್ಟ ಹಾಗೆ. ಇನ್ನೊಂದು ವಿಷಯ ಇದಕ್ಕಿಂತ ಗಟ್ಟಿ. ಸಭೆಯಲ್ಲಿ ಠೇವಣಿ ಇಟ್ಟ ಮನೆಯವರು ಇರುತ್ತಾರೆ. "ಯಶಸ್ವಿ ಉದ್ಯಮಿ" ಎಂದು ಓದಿದ ಕೂಡಲೇ ಅವರು ಪಕ್ಕದವನ ಕಿವಿಗೆ ಬಾಗುತ್ತಾರೆ, ಐದು ನಿಮಿಷದಲ್ಲಿ ಮಾತು ಕೊನೆಯ ಸಾಲಿಗೆ ಮುಟ್ಟುತ್ತದೆ. ಆಮೇಲೆ ಅತಿಥಿ ಮೆಣಸಿನ ಬಗ್ಗೆ ಎಷ್ಟು ಒಳ್ಳೆಯದು ಹೇಳಿದರೂ ಜನ ಕೇಳುವುದು ಬೇರೆಯದನ್ನೇ. ಮರೆಮಾಚಿದ್ದರಿಂದ ಅವರ ಗೌರವ ಉಳಿಯುವುದಿಲ್ಲ, ಪರಿಚಯಿಸಿದವನ ಮೇಲಿನ ನಂಬಿಕೆಯೂ ಹೋಗುತ್ತದೆ.

ಬಿಡುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವಿನ ಗೆರೆ ಬಹಳ ಸಲ ಇಸವಿಯಲ್ಲಿ ಸಿಗುತ್ತದೆ. ಒಂದು ಘಟನೆಯನ್ನು ಹೇಳದೆ ಇರುವುದು ಬಿಡುವುದು. "1986ರಿಂದ ಇಂದಿನವರೆಗೆ ಅಡಿಕೆ ಮತ್ತು ಮೆಣಸಿನ ಕೃಷಿಯಲ್ಲೇ ತೊಡಗಿಸಿಕೊಂಡವರು" ಎಂದು ಬರೆದು ಆ ಘಟನೆ ನಡೆದ ವರ್ಷಗಳ ಮೇಲೆ ಬೇರೆ ಏನನ್ನೋ ಹಾಸಿದರೆ ಅದು ಸುಳ್ಳು. ಸ್ವವಿವರ ಕೈಗೆ ಬಂದಾಗ ನಾನು ಮೊದಲು ಇಸವಿಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳುತ್ತೇನೆ. ಎಲ್ಲಿ ಜಿಗಿತ ಇದೆಯೋ ಅಲ್ಲಿ ಕೇಳಬೇಕಾದ ಪ್ರಶ್ನೆ ಇರುತ್ತದೆ.

ಪೊಲೀಸ್ ದೂರಿನ ವಿಷಯ ಬೇರೆ. ಅದನ್ನು ಬಿಡಬೇಕು ಎಂದು ಹೆಚ್ಚು ಯೋಚಿಸದೆ ತೀರ್ಮಾನಿಸಿದೆ. ಘಟಕ ಮುಚ್ಚಿದ್ದು ನಡೆದ ಸಂಗತಿ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ದೂರು ಒಂದು ಆರೋಪ. ತನಿಖೆಯಲ್ಲಿ ಅದು ನಿಲ್ಲಲಿಲ್ಲ. ಎರಡು ನಿಮಿಷದ ಪರಿಚಯದಲ್ಲಿ "ವಂಚನೆಯ ಆರೋಪ ಬಂದಿತ್ತು, ಆದರೆ ಬಿ ರಿಪೋರ್ಟ್ ಆಯಿತು" ಎಂದರೆ ಕೇಳಿದವನ ತಲೆಯಲ್ಲಿ ಉಳಿಯುವುದು "ವಂಚನೆ" ಒಂದೇ. ನ್ಯಾಯವಾಗಿ ಹೇಳಲು ಬೇಕಾದಷ್ಟು ಜಾಗ ಇಲ್ಲದ ಕಡೆ ಆರೋಪವನ್ನು ಎತ್ತಲೇಬಾರದು, ಅಲ್ಲಗಳೆಯುವುದಕ್ಕಾಗಿ ಕೂಡ. ಕಾನೂನೂ ಗಮನದಲ್ಲಿರಬೇಕು. ಈಗ ಮಾನಹಾನಿ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅಡಿಯಲ್ಲಿ ಬರುತ್ತದೆ. ಅಲ್ಲಿ ಮಾತು ನಿಜ ಎಂದಷ್ಟೇ ತೋರಿಸಿದರೆ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ಬಿ ರಿಪೋರ್ಟ್ ಆದ ದೂರನ್ನು ಮೆಣಸಿನ ಕಾರ್ಯಾಗಾರದಲ್ಲಿ ಓದುವುದರಲ್ಲಿ ಯಾವ ಹಿತವೂ ನನಗೆ ಕಾಣಲಿಲ್ಲ. ಅಣ್ಣತಮ್ಮಂದಿರ ಹಿಸ್ಸೆ ವ್ಯಾಜ್ಯದ ಬಗ್ಗೆಯೂ ಒಬ್ಬರು ನನಗೆ ಹೇಳಿದ್ದರು. ಅದಂತೂ ಅವರ ಮನೆಯ ಮಾತು.

ನನ್ನನ್ನು ಹೆಚ್ಚು ಹೊತ್ತು ಹಿಡಿದದ್ದು ಅಸಲು ವಾಪಸು ಕೊಟ್ಟ ಭಾಗ. ಪರಿಚಯ ಬರೆಯುವ ಯಾರಿಗೂ ಇದು ಬಹಳ ಆಸೆ ಹುಟ್ಟಿಸುವ ವಿಷಯ. ತೋಟ ಮಾರಿ ಪೈಸೆ ಪೈಸೆ ತೀರಿಸಿದ ಮನುಷ್ಯ ಎಂದರೆ ಸಭೆ ಚಪ್ಪಾಳೆ ತಟ್ಟುತ್ತದೆ. ಬರೆಯುವ ಮೊದಲು, ಠೇವಣಿ ಇಟ್ಟಿದ್ದ ಒಂದು ಮನೆಯ ಯಜಮಾನರನ್ನು ಕೇಳಿದೆ. "ದುಡ್ಡು ಬಂತು, ಸುಳ್ಳು ಹೇಳಬಾರದು. ಆದ್ರೆ ಎಂಟು ವರ್ಷಕ್ಕೆ ಬಂದದ್ದು ಅಸಲು ಮಾತ್ರ. ಮಗಳ ಮದುವೆಗೆ ಅಂತ ಇಟ್ಟದ್ದು, ಮದುವೆಗೆ ಸಾಲ ಮಾಡಿದ್ದು ಮೇಷ್ಟ್ರೇ" ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಆದರೆ ಅವರೆದುರು ನಿಂತು "ಎಲ್ಲರ ಬಾಕಿ ತೀರಿಸಿದರು" ಎಂದು ನಾನು ಓದಿದರೆ, ಅವರು ಅನುಭವಿಸಿದ ಎಂಟು ವರ್ಷವನ್ನು ಅವರ ಪರವಾಗಿ ನಾನೇ ಮಾಫಿ ಮಾಡಿದ ಹಾಗಾಗುತ್ತದೆ. ಆ ಅಧಿಕಾರ ನನಗಿಲ್ಲ. ಬಡ್ಡಿ ಬರಲಿಲ್ಲ ಎಂದು ಸೇರಿಸಿದರೆ ಪರಿಚಯ ಲೆಕ್ಕಪತ್ರವಾಗುತ್ತದೆ. ಹಾಗಾಗಿ ವಾಪಸಾತಿಯನ್ನು ಪೂರ್ತಿ ಬಿಟ್ಟು, ಬೇಕೆನಿಸಿದರೆ ಅತಿಥಿಯೇ ಹೇಳಲಿ ಎಂದುಕೊಂಡೆ. ಮನುಷ್ಯನ ಬಗ್ಗೆ ಒಳ್ಳೆಯದಾಗಿ ಕೇಳಿಸುವ ಸಂಗತಿಯನ್ನೂ ಕೆಲವೊಮ್ಮೆ ಬಿಡಬೇಕಾಗುತ್ತದೆ. ಬಿದ್ದು ಎದ್ದವರ ಕಥೆಯಾಗಿ ಪರಿಚಯವನ್ನು ಕಟ್ಟುವ ಅಭ್ಯಾಸ ನಮ್ಮ ವೇದಿಕೆಗಳಲ್ಲಿ ಈಗ ಬಹಳವಾಗಿದೆ, ಬಿದ್ದಾಗ ಕೆಳಗೆ ಸಿಕ್ಕಿದವರನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇಷ್ಟೆಲ್ಲದರ ನಡುವೆ ಕಾರ್ಯದರ್ಶಿಯವರಿಗಾಗಲಿ ಸಮಿತಿಗಾಗಲಿ ಹೊಳೆಯದ ಒಂದು ವಿಷಯ ಸ್ವವಿವರದ ಕೊನೆಯ ಸಾಲಿನಲ್ಲೇ ಇತ್ತು. ಅತಿಥಿ 2012ರಿಂದ ಒಂದು ನರ್ಸರಿ ನಡೆಸುತ್ತಿದ್ದಾರೆ. ಅಲ್ಲಿ ಮುಖ್ಯವಾಗಿ ಮಾರುವುದು ಜಾಯಿಕಾಯಿ ಕಸಿ ಗಿಡ. ಜಾಯಿಕಾಯಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಬೆಳೆಸಿದರೆ ಹೂ ಬರುವವರೆಗೆ, ಅಂದರೆ ಹಲವು ವರ್ಷ, ಯಾವುದು ಯಾವುದೆಂದು ತಿಳಿಯುವುದಿಲ್ಲ. ಹೆಚ್ಚುಕಡಿಮೆ ಅರ್ಧ ಗಿಡ ಗಂಡಾಗಿ ವ್ಯರ್ಥವಾಗುತ್ತವೆ. ಆದ್ದರಿಂದ ಹೆಣ್ಣು ಮರದ ಕಡ್ಡಿಯಿಂದ ಮಾಡಿದ ಕಸಿ ಗಿಡಕ್ಕೆ ಬೇಡಿಕೆ. ಉಪನ್ಯಾಸದಲ್ಲಿ ಅವರು ಜಾಯಿಕಾಯಿ ಒಳ್ಳೆಯದು, ಕಸಿಯನ್ನೇ ನೆಡಿ ಎನ್ನುವವರಿದ್ದರು. ಆ ಸಲಹೆ ಸರಿಯಾದದ್ದೇ. ಆದರೆ ಹೇಳುವವರು ಅದೇ ಗಿಡ ಮಾರುತ್ತಾರೆ ಎನ್ನುವುದು ಕೇಳುವವನಿಗೆ ಮೊದಲೇ ಗೊತ್ತಿರಬೇಕು. ಎಲ್ಲರೂ ಹತ್ತೊಂಬತ್ತು ಇಪ್ಪತ್ತು ವರ್ಷದ ಹಿಂದಿನದನ್ನು ಹೇಗೆ ಮುಚ್ಚುವುದು ಎಂದು ಚಿಂತಿಸುತ್ತಿದ್ದರು. ನಿಜಕ್ಕೂ ಹೇಳಲೇಬೇಕಾದದ್ದು ಇವತ್ತಿನ ನರ್ಸರಿ, ಅದನ್ನು ವಿವರದಲ್ಲಿ "ಗುಣಮಟ್ಟದ ಸಸಿಗಳ ಮೂಲಕ ರೈತರ ಸೇವೆ" ಎಂದು ಬರೆದಿದ್ದರು. ಹಳೆಯ ವಿವಾದದ ಗದ್ದಲದಲ್ಲಿ ಇಂದಿನ ಹಿತಾಸಕ್ತಿ ಹೀಗೆ ಕಣ್ಣು ತಪ್ಪಿಸಿಕೊಳ್ಳುವುದು ನಾನು ಬೇರೆ ಸಭೆಗಳಲ್ಲೂ ನೋಡಿದ್ದೇನೆ.

ಅತಿಥಿಗೆ ಫೋನ್ ಮಾಡಿದೆ. ಈ ಫೋನ್ ಕಾರ್ಯಕ್ರಮದ ಹಿಂದಿನ ದಿನ ಮಾಡಿದರೆ ಪ್ರಯೋಜನವಿಲ್ಲ, ಕನಿಷ್ಠ ನಾಲ್ಕು ದಿನ ಮೊದಲು ಮಾಡಬೇಕು. ಅವರಿಗೂ ಯೋಚಿಸಲು ಸಮಯ ಬೇಕು. ವೆನಿಲ್ಲಾ ಬಗ್ಗೆ ಒಂದು ವಾಕ್ಯ ಬರೆಯುತ್ತೇನೆ, ನಿಮಗೆ ಓದಿ ಹೇಳುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀರಿ ಮೇಷ್ಟ್ರೇ. ಅಲ್ಲಿ ಕೂತೋರಿಗೆ ಗೊತ್ತಿಲ್ದೇ ಇರೋದಾ ಅದು? ನಾನೇ ಹೇಳಬೇಕು ಅಂತಿದ್ದೆ, ಶುರು ಹ್ಯಾಗೆ ಮಾಡೋದು ಅಂತ ಗೊತ್ತಾಗ್ಲಿಲ್ಲ" ಎಂದರು. ನರ್ಸರಿಯ ಮಾತಿಗೆ ಮಾತ್ರ ಸ್ವಲ್ಪ ಬೇಸರಿಸಿಕೊಂಡರು. "ಗಿಡ ಮಾರೋಕೆ ಬಂದಿದ್ದಾನೆ ಅಂದ್ಕೊಳ್ಳಲ್ವಾ ಜನ?" ಎಂದು ಕೇಳಿದರು. ಸಭೆ ಮುಗಿದ ಮೇಲೆ ಯಾರೋ ಗಿಡದ ದರ ಕೇಳಿದಾಗ ಜನ ಹಾಗೆ ಅಂದುಕೊಳ್ಳುವುದಕ್ಕಿಂತ ಮೊದಲೇ ಗೊತ್ತಿರುವುದು ಮೇಲು ಎಂದೆ. ಒಪ್ಪಿದರು.

ವೆನಿಲ್ಲಾ ವಾಕ್ಯವನ್ನು ಮೂರು ರೀತಿಯಲ್ಲಿ ಬರೆದು ನೋಡಿದೆ. ಮೊದಲನೆಯದು, "ಜಾಗತಿಕ ಮಾರುಕಟ್ಟೆಯ ಏರುಪೇರಿನಿಂದ ಇವರ ವೆನಿಲ್ಲಾ ಉದ್ಯಮ ಹಿನ್ನಡೆ ಕಂಡಿತು." ಇದರಲ್ಲಿ ತಪ್ಪೆಲ್ಲ ಮಡಗಾಸ್ಕರ್‌ನದ್ದಾಯಿತು. ಆದರೆ ಅದೇ ಪೇಟೆಯಲ್ಲಿ ಹಸಿ ಕೋಡನ್ನೇ ಮಾರಿ ಕೈತೊಳೆದುಕೊಂಡವರು ಉಳಿದುಕೊಂಡಿದ್ದರು. ಇವರು ಬಿದ್ದದ್ದು ಮಾಲು ಕೊಂಡು ಇಟ್ಟುಕೊಂಡದ್ದಕ್ಕೆ, ಅದೂ ಬೇರೆಯವರ ದುಡ್ಡಿನಲ್ಲಿ. ಎರಡನೆಯದು, "ವೆನಿಲ್ಲಾದಲ್ಲಿ ಕೈಸುಟ್ಟುಕೊಂಡವರು." ಇಲ್ಲಿ ಸುಟ್ಟದ್ದು ಅವರ ಕೈ ಮಾತ್ರ ಎಂದಾಗುತ್ತದೆ. ಮೂರನೆಯದರಲ್ಲಿ ಠೇವಣಿ ಎಂಬ ಮಾತು ಬಂತು, ಅದು ಬಂದ ಮೇಲೆ ವಾಕ್ಯಕ್ಕೆ ಬೇರೆ ವಿಶೇಷಣ ಬೇಕಾಗಲಿಲ್ಲ. ಗುಣವಾಚಕ ಹಾಕದೆ, ನಡೆದದ್ದನ್ನು ಇಸವಿಯ ಜೊತೆ ಬರೆಯುವುದು ಇಂಥ ಕಡೆ ಅತಿ ಸುರಕ್ಷಿತ ದಾರಿ. ಹೊಗಳಿದ ಹಾಗೂ ಕೇಳಿಸುವುದಿಲ್ಲ, ಚುಚ್ಚಿದ ಹಾಗೂ ಕೇಳಿಸುವುದಿಲ್ಲ.

ಸಭೆಯಲ್ಲಿ ಓದಿದ್ದು ಇಷ್ಟು:

"ಇಂದಿನ ಉಪನ್ಯಾಸಕರು 1986ರಿಂದ ಹೊಸನಗರ ತಾಲ್ಲೂಕಿನಲ್ಲಿ ಅಡಿಕೆ ತೋಟ ಮಾಡುತ್ತಿದ್ದಾರೆ. ಅಡಿಕೆ ಮರಕ್ಕೆ ಮೆಣಸು ಹಬ್ಬಿಸುವುದರಲ್ಲಿ, ಅದರಲ್ಲೂ ಸೊರಗು ರೋಗ ಬಾರದ ಹಾಗೆ ಬಸಿಗಾಲುವೆ ನೋಡಿಕೊಳ್ಳುವುದರಲ್ಲಿ, ಇವರ ತೋಟವನ್ನು ನೋಡಿ ಕಲಿತವರು ಈ ಸಭೆಯಲ್ಲೇ ಇದ್ದಾರೆ. 2003ರಲ್ಲಿ ಇವರು ಬೆಳೆಗಾರರ ಠೇವಣಿ ಪಡೆದು ವೆನಿಲ್ಲಾ ಸಂಸ್ಕರಣಾ ಘಟಕ ತೆರೆದರು. ಬೆಲೆ ಕುಸಿದ ಮೇಲೆ 2006ರಲ್ಲಿ ಆ ಘಟಕ ಮುಚ್ಚಿತು. ಹೊಸ ಬೆಳೆಯ ಪೇಟೆಯನ್ನು ಹೇಗೆ ನೋಡಬೇಕು ಎಂಬುದನ್ನು ಆ ಅನುಭವದಿಂದಲೂ ಇವತ್ತು ಹೇಳಲಿದ್ದಾರೆ. 2012ರಿಂದ ಜಾಯಿಕಾಯಿ ಕಸಿ ಗಿಡಗಳ ನರ್ಸರಿ ನಡೆಸುತ್ತಿದ್ದಾರೆ. ಇಂದಿನ ವಿಷಯದಲ್ಲಿ ಜಾಯಿಕಾಯಿಯೂ ಇರುವುದರಿಂದ ಇದನ್ನು ನಿಮ್ಮ ಗಮನಕ್ಕೆ ತರುತ್ತಿದ್ದೇನೆ. ಮಾತು ಮುಗಿದ ಮೇಲೆ ಪ್ರಶ್ನೆಗಳಿಗೆ ಅರ್ಧ ಗಂಟೆ ಇದೆ."

ವೆನಿಲ್ಲಾದ ಮಾತನ್ನು ನಡುವೆ ಇಟ್ಟದ್ದು ಬೇಕೆಂದೇ. ಮೊದಲಿಗೆ ಇಟ್ಟರೆ ಮನುಷ್ಯನ ಗುರುತೇ ಅದಾಗುತ್ತದೆ, ಕೊನೆಗೆ ಇಟ್ಟರೆ ಸಭೆಯ ಕಿವಿಯಲ್ಲಿ ಅದೇ ಉಳಿದು ಅತಿಥಿ ಎದ್ದು ಬರುವಾಗ ಗುಸುಗುಸು ಏಳುತ್ತದೆ. "ಆದರೂ", "ಹಾಗಿದ್ದರೂ" ಎಂಬ ತಿರುವುಗಳನ್ನೂ ಹಾಕಲಿಲ್ಲ. ಅವು ಬಂದ ಕಡೆ ಕೇಳುಗನಿಗೆ ಏನೋ ಸಮರ್ಥನೆ ನಡೆದಿದೆ ಎನಿಸುತ್ತದೆ. ಮುಂದಿನ ವಾಕ್ಯದಲ್ಲಿ ಅದನ್ನು ನೇರ ಆ ದಿನದ ವಿಷಯಕ್ಕೆ ಕಟ್ಟಿದ್ದರಿಂದ, ಇದನ್ನು ಯಾಕೆ ಹೇಳಿದರು ಎಂಬ ಪ್ರಶ್ನೆ ಉಳಿಯಲಿಲ್ಲ.

ಪರಿಚಯದಲ್ಲಿ ಬಿಟ್ಟದ್ದು ವೇದಿಕೆಯಲ್ಲಿ ಬೇರೆಯವರ ಬಾಯಿಂದ ಬರದ ಹಾಗೆ ನೋಡಿಕೊಳ್ಳುವುದೂ ಇದೇ ಕೆಲಸದ ಭಾಗ. ಸ್ವಾಗತ, ಪ್ರಾಸ್ತಾವಿಕ, ನಿರೂಪಣೆ, ವಂದನಾರ್ಪಣೆ ಎಂದು ನಮ್ಮಲ್ಲಿ ಕನಿಷ್ಠ ನಾಲ್ಕು ಜನ ಅತಿಥಿಯ ಬಗ್ಗೆ ಒಂದೊಂದು ಮಾತಾಡುತ್ತಾರೆ. ಹಿಂದಿನ ಸಂಜೆ ಎಲ್ಲರ ಚೀಟಿಯನ್ನೂ ನೋಡಿದಾಗ, ನಿರೂಪಣೆ ಮಾಡುವ ಹುಡುಗ "ಸುಳ್ಳು ಕೇಸುಗಳನ್ನು ಗೆದ್ದು ಬಂದ ಛಲಗಾರ" ಎಂದು ಪ್ರೀತಿಯಿಂದಲೇ ಬರೆದುಕೊಂಡಿದ್ದ. ದೂರು ಕೊಟ್ಟವರ ಮಗ ಅದೇ ಸಂಘದ ಸದಸ್ಯ. ಆ ಸಾಲನ್ನು ತೆಗೆಸಿದೆವು, ಸ್ವಾಗತ ಭಾಷಣದಲ್ಲಿದ್ದ "ಯಶಸ್ವಿ ಉದ್ಯಮಿ"ಯೂ "ಹಿರಿಯ ಕೃಷಿಕರು" ಆಯಿತು. ಅಚ್ಚಾದ ಆಮಂತ್ರಣವನ್ನು ಮಾತ್ರ ಏನೂ ಮಾಡುವಂತಿರಲಿಲ್ಲ.

ಅತಿಥಿ ಮಾತು ಶುರು ಮಾಡಿದ್ದೇ ಘಟಕದಿಂದ. ಕೊಂಡ ದರ, ಮಾಲು ಸಿದ್ಧವಾದಾಗಿನ ದರ, ಎರಡನ್ನೂ ಬೋರ್ಡಿನ ಮೇಲೆ ಬರೆದರು. ಗಿಡ ಮಾರುವವನನ್ನು ಏನು ಕೇಳಬೇಕು ಎಂಬಲ್ಲಿಗೆ ಬಂದಾಗ, "ನನ್ನನ್ನೂ ಕೇಳಿ" ಎಂದರು. ಪ್ರಶ್ನೋತ್ತರದಲ್ಲಿ ಒಬ್ಬರು ಎದ್ದು ಬಡ್ಡಿಯ ಮಾತೆತ್ತಿದರು. "ಬಡ್ಡಿ ಕೊಡ್ಲಿಕ್ಕೆ ಆಗ್ಲಿಲ್ಲ, ಅದು ಬಾಕಿಯೇ" ಎಂದು ಅತಿಥಿ ಒಪ್ಪಿಕೊಂಡರು. ಆ ಮಾತನ್ನು ಅವರೇ ಆಡಬೇಕಿತ್ತು. ನನ್ನ ಪರಿಚಯ ಅದರ ದಾರಿಗೆ ಅಡ್ಡ ಬರಲಿಲ್ಲ ಎಂಬುದು ನನಗೆ ಸಮಾಧಾನ.

ಈ ತೀರ್ಮಾನ ಈ ಸಭೆಗೆ ಮಾತ್ರ. ಇದೇ ಹಿರಿಯರನ್ನು ಊರಿನ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದಿದ್ದರೆ ವೆನಿಲ್ಲಾವೂ ಬೇಡ, ನರ್ಸರಿಯೂ ಬೇಡ. ಮಕ್ಕಳು ಅಲ್ಲಿ ಯಾವ ಗಿಡವನ್ನೂ ಕೊಳ್ಳುವುದಿಲ್ಲ. ಹೊಸ ಠೇವಣಿ ಯೋಜನೆಯ ಉದ್ಘಾಟನೆಗೆ ಕರೆದಿದ್ದರೆ ಒಂದು ವಾಕ್ಯ ಸಾಲುತ್ತಿರಲಿಲ್ಲ, ವಾಪಸಾತಿಯ ಲೆಕ್ಕವನ್ನೂ ಹೇಳಬೇಕಾಗುತ್ತಿತ್ತು. ಕೇಸು ಇನ್ನೂ ನ್ಯಾಯಾಲಯದಲ್ಲಿ ನಡೆಯುತ್ತಿದ್ದರೆ, ಅಥವಾ ಶಿಕ್ಷೆಯೇ ಆಗಿದ್ದರೆ, ಅದು ಪರಿಚಯ ಬರೆಯುವವನ ಮುಂದಿನ ಪ್ರಶ್ನೆಯೇ ಅಲ್ಲ. ಕರೆಯಬೇಕೋ ಬೇಡವೋ ಎಂದು ಸಮಿತಿ ಮೊದಲೇ ಕೂತು ತೀರ್ಮಾನಿಸಬೇಕು. ಕರೆದಾದ ಮೇಲೆ ಪದಗಳ ಜಾಣ್ಮೆಯಿಂದ ಅದನ್ನು ದಾಟಿಸಿಬಿಡಿ ಎಂದು ಮೇಷ್ಟ್ರ ಕೈಗೆ ಕೊಡುವುದು ಸರಿಯಲ್ಲ.

ಅಂದು ಸಂಜೆ, ಪತ್ರಿಕೆಗಳ ವರದಿಗಾರರಿಗೆ ಟಿಪ್ಪಣಿ ಕಳಿಸುವಾಗ ಕಾರ್ಯದರ್ಶಿಯವರು ಪರಿಚಯವನ್ನು ಹಾಗೆಯೇ ಹಾಕಲು ಹೊರಟಿದ್ದರು. ವೆನಿಲ್ಲಾದ ವಾಕ್ಯವನ್ನು ಅಲ್ಲಿ ತೆಗೆಸಿದೆ. ಸಭೆಯಲ್ಲಿ ಆ ವಾಕ್ಯದ ಬೆನ್ನಿಗೆ ಅತಿಥಿಯ ಇಪ್ಪತ್ತು ನಿಮಿಷದ ವಿವರಣೆ ಇತ್ತು. ಪತ್ರಿಕೆಯ ನಾಲ್ಕು ಸಾಲಿನ ಸುದ್ದಿಯಲ್ಲಿ ಅದು ಒಂಟಿಯಾಗಿ ನಿಲ್ಲುತ್ತಿತ್ತು, ಓದಿದವನಿಗೆ ತಿರುಗಿ ಕೇಳಲು ದಾರಿಯೂ ಇರುತ್ತಿರಲಿಲ್ಲ. ಜಾಯಿಕಾಯಿ ನೆಡಿ ಎಂಬ ಸಲಹೆ ಮಾತ್ರ ಸುದ್ದಿಯಲ್ಲಿ ಬರುವುದಿತ್ತು, ಆದ್ದರಿಂದ ನರ್ಸರಿಯ ವಾಕ್ಯವನ್ನು ಉಳಿಸಿ ಕಳಿಸಿದೆವು.